ಮೊದಲ ವಿದೇಶಿ ವಿಮಾನ: ಟಿಕೆಟಿನ ಹೆಸರಿನಿಂದ ಲಗೇಜ್ ಕೈಗೆ ಬರುವವರೆಗೆ

ವಿಮಾನದ ದರ ಹುಡುಕುವ ಮುಂಚೆ ಪಾಸ್‌ಪೋರ್ಟನ್ನು ಮೇಜಿನ ಮೇಲೆ ಬಿಚ್ಚಿಟ್ಟುಕೊಳ್ಳಿ. ನಮ್ಮ ಹೆಸರು ನಮಗೆ ಗೊತ್ತಿಲ್ಲವೇ ಎಂದು ನೆನಪಿನಿಂದ ಟೈಪ್ ಮಾಡಿದವರೇ ಆಮೇಲೆ ಗಂಟೆಗಟ್ಟಲೆ ಸಹಾಯವಾಣಿಯಲ್ಲಿ ಕಾಯುವುದು. ಟಿಕೆಟಿಗೆ ಬೇಕಾಗಿರುವುದು ಮನೆಯಲ್ಲಿ ಕರೆಯುವ ಹೆಸರಲ್ಲ, ಬ್ಯಾಂಕ್ ಖಾತೆಯ ಹೆಸರೂ ಅಲ್ಲ, ಪಾಸ್‌ಪೋರ್ಟಿನಲ್ಲಿ ಅಚ್ಚಾಗಿರುವ ಹೆಸರು. ಅದೂ ಯಾವ ಖಾನೆಯಲ್ಲಿ ಯಾವುದು ಇದೆಯೋ ಅದೇ ಖಾನೆಯಲ್ಲಿ.

ಬುಕಿಂಗ್ ಪುಟ ತೆರೆದಾಗಿನಿಂದ ಊರು ತಲುಪಿ ಪೆಟ್ಟಿಗೆ ಎತ್ತಿಕೊಳ್ಳುವವರೆಗೆ ಏನೇನು ಎದುರಾಗುತ್ತದೋ ಅದೇ ಕ್ರಮದಲ್ಲಿ ಹೇಳುತ್ತಾ ಹೋಗುತ್ತೇನೆ. ಹಿಡಿದು ನೋಡಲು ಒಂದು ಉದಾಹರಣೆ ಬೇಕಲ್ಲ, ಮಾಲತಿ ಎಂಬ ಕಲ್ಪಿತ ಪ್ರಯಾಣಿಕರನ್ನು ಇಟ್ಟುಕೊಳ್ಳೋಣ. ಅವರ ವಿಮಾನ ಮಧ್ಯರಾತ್ರಿ ಕಳೆದು 00:45ಕ್ಕೆ. ದಾರಿಯಲ್ಲಿ ಒಂದು ಕಡೆ ವಿಮಾನ ಬದಲಿಸಬೇಕು.

ಪಾಸ್‌ಪೋರ್ಟಿನ ಫೋಟೊ ಇರುವ ಪುಟದ ತಳದಲ್ಲಿ ಬಾಣದ ಗುರುತುಗಳಿಂದ ತುಂಬಿದ ಎರಡು ಸಾಲುಗಳಿರುತ್ತವೆ. ಚೆಕ್-ಇನ್ ಕೌಂಟರಿನ ಯಂತ್ರ ಓದುವುದು ಅದನ್ನೇ. ಒಂದೊಂದು ಸಾಲಿನಲ್ಲೂ 44 ಅಕ್ಷರಸ್ಥಾನಗಳು. ಮಾಲತಿಯವರ ಪಾಸ್‌ಪೋರ್ಟಿನ ಮೊದಲ ಸಾಲು ಹೀಗಿದೆ ಎನ್ನಿ (ದೇಶದ ಜಾಗದಲ್ಲಿ ಮಾದರಿಗೆಂದೇ ಬಳಸುವ ಸುಳ್ಳು ಸಂಕೇತ ಹಾಕಿದ್ದೇನೆ):

```
P<UTOHEGDE<<MALATHI<SHANKARA<<<<<<<<<<<<<<<<
```

ದೇಶದ ಮೂರು ಅಕ್ಷರದ ಸಂಕೇತ ಮುಗಿದ ಕೂಡಲೇ ಬರುವುದು ಸರ್‌ನೇಮ್. ಜೋಡಿ ಬಾಣ ಬಂದಲ್ಲಿ ಸರ್‌ನೇಮ್ ಮುಗಿಯಿತು. ಅಲ್ಲಿಂದಾಚೆಗೆ ಇರುವುದೆಲ್ಲ ಗಿವನ್ ನೇಮ್, ಒಂಟಿ ಬಾಣ ಇದ್ದಲ್ಲಿ ಪದಗಳ ನಡುವಿನ ಜಾಗ. ನಿಮ್ಮ ಹೆಸರಿನ ಯಾವ ಭಾಗ ಯಾವುದು ಎಂಬ ಗೊಂದಲವಿದ್ದರೆ ಈ ಸಾಲನ್ನು ನೋಡಿದರೆ ಸಾಕು. ಬುಕಿಂಗ್ ಪುಟದಲ್ಲಿ ಮಾಲತಿಯವರು Last name ಅಥವಾ Surname ಖಾನೆಯಲ್ಲಿ HEGDE ಎಂದೂ, First name ಅಥವಾ Given name ಖಾನೆಯಲ್ಲಿ MALATHI SHANKARA ಎಂದೂ ತುಂಬಬೇಕು. Middle name ಎಂಬ ಬೇರೆ ಖಾನೆ ಇದ್ದರೆ SHANKARA ಅಲ್ಲಿಗೆ ಹೋಗುತ್ತದೆ. ಪೂರ್ತಿ ಹೆಸರಿನ ಬದಲು S ಎಂಬ ಇನಿಶಿಯಲ್ ಹಾಕುವುದು, MALATHI ಇರುವ ಕಡೆ MALATI ಎಂದು ಬರೆಯುವುದು, ಮದುವೆಯ ನಂತರ ಬದಲಾದ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಬದಲಿಸುವ ಮೊದಲೇ ಟಿಕೆಟಿಗೆ ಹಾಕುವುದು, ಇವು ಮೂರೂ ಪದೇ ಪದೇ ಕಾಣುವ ತಪ್ಪುಗಳು.

ಇನ್ನೊಂದು ತಪ್ಪಿದೆ, ಅದನ್ನು ಮಾಡುವುದು ನಾವಲ್ಲ, ಬ್ರೌಸರ್. ಹಿಂದೆ ಎಲ್ಲೋ ತುಂಬಿದ್ದ ಹೆಸರನ್ನು ಅದು ತಾನಾಗಿ ತಂದು ಕೂರಿಸುತ್ತದೆ. ಬುಕಿಂಗ್ ಆ್ಯಪ್‌ನಲ್ಲಿ ಯಾವತ್ತೋ ಉಳಿಸಿಟ್ಟ ಪ್ರೊಫೈಲ್ ಕೂಡ ಹಾಗೆಯೇ. ದೇಶದೊಳಗಿನ ಪ್ರಯಾಣಕ್ಕೆಂದು ಚುಟುಕಾಗಿ ಹಾಕಿದ್ದ ಹೆಸರು ವಿದೇಶಿ ಟಿಕೆಟಿಗೂ ಅಂಟಿಕೊಳ್ಳುತ್ತದೆ. ಕುಟುಂಬದವರದ್ದೆಲ್ಲ ಒಟ್ಟಿಗೆ ಬುಕ್ ಮಾಡುವಾಗ ಅಮ್ಮನ ಜನ್ಮದಿನಾಂಕ ಮಗಳ ಸಾಲಿಗೆ ಬೀಳುವುದೂ ಉಂಟು. ಹಣ ಕಟ್ಟುವ ಮುಂಚಿನ ಪುಟದಲ್ಲಿ ಪಾಸ್‌ಪೋರ್ಟ್ ಪಕ್ಕಕ್ಕಿಟ್ಟು ಅಕ್ಷರಕ್ಕೆ ಅಕ್ಷರ ಬೆರಳಿಟ್ಟು ಓದಿ. ಸಾಧ್ಯವಿದ್ದರೆ ಇನ್ನೊಬ್ಬರ ಕೈಲಿ ಓದಿಸಿ. ಬರೆದವರ ಕಣ್ಣಿಗೆ ತಮ್ಮ ತಪ್ಪು ಕಾಣುವುದು ಕಡಿಮೆ.

ಹಣ ಕಟ್ಟಿದ ಮೇಲೆ ಬರುವ ಇ-ಟಿಕೆಟ್ ನೋಡಿ ಎದೆ ಧಸಕ್ಕೆನ್ನುವುದು ಬಹಳ ಜನರಿಗೆ ಆಗುವ ಅನುಭವ. ಅದರಲ್ಲಿ ಹೆಸರು ಹೀಗೆ ಅಚ್ಚಾಗಿರುತ್ತದೆ:

```
HEGDE/MALATHISHANKARAMRS
```

ಗಾಬರಿ ಬೇಡ, ಇದು ತಪ್ಪಲ್ಲ. ಏರ್‌ಲೈನ್‌ಗಳ ಬುಕಿಂಗ್ ವ್ಯವಸ್ಥೆ ಸರ್‌ನೇಮ್ ಮೊದಲು, ಒಂದು ಓರೆಗೆರೆ, ಆಮೇಲೆ ಗಿವನ್ ನೇಮ್ ಎಂಬ ಕ್ರಮದಲ್ಲಿ ಹೆಸರನ್ನು ಇಡುತ್ತದೆ. ಎಷ್ಟೋ ಕಡೆ ನಡುವಿನ ಜಾಗ ಮಾಯವಾಗುತ್ತದೆ. ಕೊನೆಗೆ MR, MRS, MS ಅಂಟಿಕೊಳ್ಳುತ್ತದೆ. ಚುಕ್ಕೆ, ಅಡ್ಡಗೆರೆಗಳೂ ಹಾರಿಹೋಗುತ್ತವೆ. ತೀರಾ ಉದ್ದದ ಹೆಸರಾದರೆ ಬಾಲ ಕತ್ತರಿಸಿರುತ್ತದೆ. ಕೌಂಟರಿನವರಿಗೆ ಇದೆಲ್ಲ ದಿನನಿತ್ಯದ ನೋಟ. ಚಿಂತೆ ಮಾಡಬೇಕಾದದ್ದು ಅಕ್ಷರ ಬೇರೆಯಾಗಿದ್ದರೆ, ಹೆಸರಿನ ಒಂದು ಇಡೀ ಪದ ಬೇರೆಯಾಗಿದ್ದರೆ, ಇಲ್ಲವೇ ಮುಂದಿನದು ಹಿಂದೆ, ಹಿಂದಿನದು ಮುಂದೆ ಆಗಿದ್ದರೆ. ಮೂರನೆಯದನ್ನು ಕೆಲವು ಏರ್‌ಲೈನ್‌ಗಳು ಟಿಪ್ಪಣಿ ಹಾಕಿ ಬಿಡುತ್ತವೆ, ಕೆಲವು ಟಿಕೆಟನ್ನೇ ಮರಳಿ ಬರೆಯಬೇಕು ಎನ್ನುತ್ತವೆ. ಅದೃಷ್ಟಕ್ಕೆ ಬಿಡುವ ವಿಷಯ ಅಲ್ಲ.

ತಪ್ಪು ಕಂಡ ತಕ್ಷಣ ಟಿಕೆಟ್ ಮಾರಿದವರನ್ನೇ ಹಿಡಿಯಬೇಕು. ಏಜೆಂಟ್ ಅಥವಾ ಬುಕಿಂಗ್ ಸೈಟಿನಿಂದ ಕೊಂಡಿದ್ದರೆ ಏರ್‌ಲೈನಿಗೆ ಫೋನ್ ಮಾಡಿದಾಗ "ನೀವು ಕೊಂಡ ಕಡೆಯೇ ಕೇಳಿ" ಎಂಬ ಉತ್ತರವೇ ಹೆಚ್ಚಾಗಿ ಸಿಗುವುದು, ಏಕೆಂದರೆ ಆ ಬುಕಿಂಗಿನ ಹಿಡಿತ ಅವರ ಕೈಯಲ್ಲಿ ಇರುವುದಿಲ್ಲ. ಎರಡು ಮೂರು ಅಕ್ಷರಗಳ ಕಾಗುಣಿತ ತಿದ್ದುವುದಕ್ಕೆ ಹಲವು ಏರ್‌ಲೈನ್‌ಗಳು ಒಪ್ಪುತ್ತವೆ, ಕೆಲವು ಶುಲ್ಕ ತೆಗೆದುಕೊಳ್ಳುತ್ತವೆ. ಆದರೆ ಒಬ್ಬರ ಹೆಸರು ತೆಗೆದು ಇನ್ನೊಬ್ಬರದು ಹಾಕುವುದು ಬಹುತೇಕ ಏರ್‌ಲೈನ್‌ಗಳಲ್ಲಿ ಆಗದ ಮಾತು. ಇಡೀ ಪ್ರಯಾಣ ಒಂದೇ ಏರ್‌ಲೈನಿನದಾದರೆ ತಿದ್ದುಪಡಿ ಸಲೀಸು. ಎರಡು ಏರ್‌ಲೈನ್‌ಗಳು ಸೇರಿದ ಟಿಕೆಟಾದರೆ ಎರಡನೆಯವರ ವ್ಯವಸ್ಥೆಯಲ್ಲೂ ಹೆಸರು ಬದಲಾಗಬೇಕು. ಎಷ್ಟೋ ಸಲ ಹಳೆಯದನ್ನು ರದ್ದು ಮಾಡಿ ಹೊಸದಾಗಿ ಸೀಟು ಹಿಡಿಯಬೇಕಾಗುತ್ತದೆ, ಅಷ್ಟರಲ್ಲಿ ಹಳೆಯ ದರ ಉಳಿದಿರುತ್ತದೆ ಎಂಬ ಖಾತ್ರಿ ಇಲ್ಲ. ಅದಕ್ಕೇ ಬುಕ್ ಮಾಡಿದ ದಿನವೇ ಇ-ಟಿಕೆಟ್ ಓದಿ ಎನ್ನುವುದು. ಅಮೆರಿಕಕ್ಕೆ ಹೋಗುವ ಅಥವಾ ಅಲ್ಲಿಂದ ಹೊರಡುವ ವಿಮಾನವನ್ನು ನೇರವಾಗಿ ಏರ್‌ಲೈನಿನಿಂದ, ಹೊರಡುವುದಕ್ಕೆ 7 ದಿನ ಇಲ್ಲವೇ ಅದಕ್ಕಿಂತ ಮುಂಚೆ ಕೊಂಡಿದ್ದರೆ, 24 ಗಂಟೆಯೊಳಗೆ ದಂಡವಿಲ್ಲದೆ ರದ್ದು ಮಾಡಲು, ಇಲ್ಲವೇ ಹಣ ಕಟ್ಟದೆ ಅಷ್ಟು ಹೊತ್ತು ಸೀಟು ಹಿಡಿದಿಡಲು, ಅಲ್ಲಿನ ಸಾರಿಗೆ ಇಲಾಖೆಯ ನಿಯಮ ಅವಕಾಶ ಕೊಡುತ್ತದೆ. ಬೇರೆ ಕಡೆ ಹೋಗುವವರು ಟಿಕೆಟಿನ ಷರತ್ತನ್ನೇ ನೋಡಬೇಕು.

ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾನೆಯೇ ಖಾಲಿ ಇರುವವರ ಪಾಡು ಬೇರೆ. ಬುಕಿಂಗ್ ಪುಟ ಆ ಖಾನೆಯನ್ನು ಖಾಲಿ ಬಿಡಲು ಒಪ್ಪುವುದಿಲ್ಲ, ಪಾಸ್‌ಪೋರ್ಟಿನಲ್ಲಿ ತುಂಬುವುದಕ್ಕೆ ಏನೂ ಇಲ್ಲ. ಇದಕ್ಕೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರ ಇಲ್ಲ. ಕೆಲವು ಏರ್‌ಲೈನ್‌ಗಳು ಅದೇ ಹೆಸರನ್ನು ಎರಡೂ ಖಾನೆಯಲ್ಲಿ ಹಾಕಿ ಎನ್ನುತ್ತವೆ. ಕೆಲವು ಇರುವ ಹೆಸರನ್ನು Last name ಖಾನೆಗೆ ಹಾಕಿ, ಮೊದಲ ಹೆಸರಿನ ಜಾಗದಲ್ಲಿ FNU ಎಂದು ಬರೆಯಲು ಹೇಳುತ್ತವೆ, First Name Unknown ಎಂಬುದರ ಚುಟುಕು ರೂಪ ಅದು. ಆ ಏರ್‌ಲೈನಿನ ಸೈಟಿನಲ್ಲಿ ಒಂಟಿ ಹೆಸರಿನವರಿಗೆ ಏನು ಸೂಚನೆ ಇದೆ ಎಂದು ಹುಡುಕಿ ಅದರಂತೆಯೇ ಮಾಡಿ. ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಸ್ವಂತ ಬುದ್ಧಿಯಿಂದ ಸರ್‌ನೇಮ್ ಮಾಡಿಕೊಳ್ಳಬೇಡಿ. ಪಾಸ್‌ಪೋರ್ಟಿನಲ್ಲಿ ಇಲ್ಲದ ಪದ ಟಿಕೆಟಿನಲ್ಲಿ ಬಂದರೆ ವಿವರಣೆ ಕೊಡಬೇಕಾದವರು ನೀವೇ. ಅಮೆರಿಕದ ವೀಸಾದಲ್ಲಿಯೂ ಸರ್‌ನೇಮ್ ಇಲ್ಲದವರ ಹೆಸರು ಸರ್‌ನೇಮ್ ಸಾಲಿಗೆ ಹೋಗಿ, ಗಿವನ್ ನೇಮ್ ಸಾಲಿನಲ್ಲಿ FNU ಅಚ್ಚಾಗುತ್ತದೆ, ಅದನ್ನು ನೋಡಿ ವೀಸಾ ತಪ್ಪಾಗಿದೆ ಎಂದು ಹೆದರಬೇಕಿಲ್ಲ.

ಇಡೀ ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದರೆ ಇನ್ನೂ ಒಂದು ಎಚ್ಚರ ಬೇಕು. 2022ರ ನವೆಂಬರಿನಿಂದ ಸಂಯುಕ್ತ ಅರಬ್ ಎಮಿರೇಟ್ಸ್ ಒಂದೇ ಪದದ ಹೆಸರಿರುವ ಪಾಸ್‌ಪೋರ್ಟಿನವರನ್ನು ಪ್ರವಾಸಿ, ಭೇಟಿ ವೀಸಾಗಳ ಮೇಲೆ ಒಳಗೆ ಬಿಡುವುದಿಲ್ಲ ಎಂದು ಏರ್‌ಲೈನ್‌ಗಳಿಗೆ ತಿಳಿಸಿತು. ಅಂಥವರು ಅಲ್ಲಿಗೆ ಹೋಗುವುದಾದರೆ ಟಿಕೆಟಿಗಿಂತ ಮೊದಲು ಈಗಿನ ನಿಯಮ ವಿಚಾರಿಸಬೇಕು, ಬಹುಶಃ ಪಾಸ್‌ಪೋರ್ಟನ್ನೇ ತಿದ್ದಿಸಬೇಕಾದೀತು.

ಹೆಸರಿನ ಮಾತು ಇಲ್ಲಿಗೆ ಸಾಕು. ಇನ್ನು ಟಿಕೆಟಿನ ಆಯ್ಕೆ.

ದರದ ಪಟ್ಟಿಯಲ್ಲಿ ಅತಿ ಅಗ್ಗವಾದದ್ದು ಕೆಲವೊಮ್ಮೆ ಒಂದೇ ಟಿಕೆಟ್ ಆಗಿರುವುದಿಲ್ಲ. ಬೇರೆ ಬೇರೆ ಏರ್‌ಲೈನ್‌ಗಳ ಎರಡು ಟಿಕೆಟನ್ನು ಜೋಡಿಸಿ ತೋರಿಸಿರುತ್ತಾರೆ. ಪುಟದ ಮೂಲೆಯಲ್ಲೆಲ್ಲೋ Self transfer ಎಂದು ಸಣ್ಣಗೆ ಬರೆದಿರುತ್ತದೆ. ಇದನ್ನು ಕೊಂಡರೆ ನಡುವಿನ ನಿಲ್ದಾಣದಲ್ಲಿ ನಿಮ್ಮ ಪೆಟ್ಟಿಗೆ ತಾನಾಗಿ ಮುಂದಿನ ವಿಮಾನಕ್ಕೆ ಹೋಗುವುದಿಲ್ಲ. ನೀವು ಆ ದೇಶದ ಇಮಿಗ್ರೇಷನ್ ದಾಟಿ ಹೊರಗೆ ಬಂದು, ಪೆಟ್ಟಿಗೆ ಎತ್ತಿಕೊಂಡು, ಮತ್ತೆ ಚೆಕ್-ಇನ್ ಮಾಡಬೇಕು. ಇಮಿಗ್ರೇಷನ್ ದಾಟಲು ಆ ದೇಶದ ವೀಸಾ ಬೇಕಾಗಬಹುದು, ಅದಿಲ್ಲದಿದ್ದರೆ ಹೊರಡುವ ಊರಿನಲ್ಲೇ ಹತ್ತಿಸಿಕೊಳ್ಳುವುದಿಲ್ಲ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೆಯ ಏರ್‌ಲೈನಿಗೆ ಅದು ಸಂಬಂಧವಿಲ್ಲದ ವಿಷಯ, ಅವರ ಲೆಕ್ಕದಲ್ಲಿ ನೀವು ಬರಲೇ ಇಲ್ಲ, ಅಷ್ಟೇ. ಒಂದೇ ಟಿಕೆಟಿನಲ್ಲಿ ಎರಡೂ ವಿಮಾನವಿದ್ದರೆ ಮುಂದಿನ ವಿಮಾನಕ್ಕೆ ಸೇರಿಸುವ ಹೊಣೆ ಅವರದು. ಮೊದಲ ಸಲ ಹೋಗುವವರು ಉಳಿತಾಯ ಎಷ್ಟೇ ಕಂಡರೂ ಬಿಡಿ ಟಿಕೆಟ್ ಜೋಡಿಸಬಾರದು ಎಂಬುದು ನನ್ನ ಅಭಿಪ್ರಾಯ.

ಟಿಕೆಟ್ ವಿವರದಲ್ಲಿ Operated by ಎಂಬ ಸಾಲನ್ನೂ ಹುಡುಕಿ. ಟಿಕೆಟ್ ಮಾರಿದ್ದು ಒಂದು ಏರ್‌ಲೈನ್, ವಿಮಾನ ಹಾರಿಸುವುದು ಇನ್ನೊಂದು ಎಂಬುದು ಮಾಮೂಲಿ. ಹಾಗಿದ್ದಾಗ ನಿಲ್ದಾಣದಲ್ಲಿ ನೀವು ಹುಡುಕಬೇಕಾದದ್ದು ಹಾರಿಸುವವರ ಕೌಂಟರನ್ನು, ಇಳಿಯಬೇಕಾದದ್ದು ಅವರ ಟರ್ಮಿನಲ್ಲಿನಲ್ಲಿ. ಆರು ಅಕ್ಷರ-ಅಂಕಿಗಳ ಬುಕಿಂಗ್ ಸಂಖ್ಯೆ ಕೂಡ ಇಬ್ಬರಲ್ಲೂ ಬೇರೆ ಬೇರೆ ಇರಬಹುದು. ಒಬ್ಬರ ಸೈಟಿನಲ್ಲಿ "ಬುಕಿಂಗ್ ಸಿಗಲಿಲ್ಲ" ಎಂದು ಬಂದರೆ ಟಿಕೆಟ್ ನಕಲಿ ಎಂದು ತೀರ್ಮಾನಿಸಬೇಡಿ, ಹಾರಿಸುವ ಏರ್‌ಲೈನಿನ ಸಂಖ್ಯೆ ಯಾವುದು ಎಂದು ಮಾರಿದವರನ್ನು ಕೇಳಿ. 13 ಅಂಕಿಯ ಇ-ಟಿಕೆಟ್ ಸಂಖ್ಯೆ ಬಂದಿದೆಯೇ ಎಂಬುದನ್ನು ಮಾತ್ರ ಖಚಿತಪಡಿಸಿಕೊಳ್ಳಿ. ಬುಕಿಂಗ್ ಸಂಖ್ಯೆ ಇದ್ದು ಇದು ಇಲ್ಲದಿದ್ದರೆ ಸೀಟು ಹಿಡಿದಿಟ್ಟಿದ್ದಾರೆ, ಟಿಕೆಟ್ ಇನ್ನೂ ಹೊರಬಿದ್ದಿಲ್ಲ ಎಂದರ್ಥ.

ಲಗೇಜಿನ ಲೆಕ್ಕ ಎರಡು ಬಗೆಯದು, ಎರಡನ್ನು ಬೆರೆಸಿಕೊಂಡರೆ ಕೌಂಟರಿನಲ್ಲಿ ಹಣ ತೆರಬೇಕು. ಇ-ಟಿಕೆಟಿನಲ್ಲಿ 30K ಅಥವಾ 30KG ಎಂದಿದ್ದರೆ ಅದು ತೂಕದ ಲೆಕ್ಕ. ಒಟ್ಟು 30 ಕೆಜಿ ಮೀರದಂತೆ ಒಂದು ಪೆಟ್ಟಿಗೆಯನ್ನೋ ಎರಡನ್ನೋ ಕೊಡಬಹುದು. 1PC, 2PC ಎಂದಿದ್ದರೆ ಅದು ನಗದ ಲೆಕ್ಕ. ಇಷ್ಟೇ ಪೆಟ್ಟಿಗೆ, ಒಂದೊಂದೂ ಇಂತಿಷ್ಟೇ ತೂಕ. ಎಕಾನಮಿಯಲ್ಲಿ ಸಾಮಾನ್ಯವಾಗಿ ಒಂದಕ್ಕೆ 23 ಕೆಜಿ. ಮಾಲತಿಯವರದು 2PC ಟಿಕೆಟ್ ಎನ್ನೋಣ. ಒಂದು ಪೆಟ್ಟಿಗೆ 27 ಕೆಜಿ, ಇನ್ನೊಂದು 17. ಒಟ್ಟು 44, ಎರಡಕ್ಕೂ ಸೇರಿ ಸಿಗುವ 46ಕ್ಕಿಂತ ಕಡಿಮೆಯೇ. ಆದರೂ ಮೊದಲ ಪೆಟ್ಟಿಗೆಗೆ ದಂಡ ಬೀಳುತ್ತದೆ, ಏಕೆಂದರೆ ನಗದ ಲೆಕ್ಕದಲ್ಲಿ ಒಂದರ ಉಳಿಕೆಯನ್ನು ಇನ್ನೊಂದಕ್ಕೆ ಕೂಡಿಸಲಾಗುವುದಿಲ್ಲ. ಪರಿಹಾರ ಸುಲಭ, ನಾಲ್ಕೈದು ಕೆಜಿ ಸಾಮಾನು ಆ ಪೆಟ್ಟಿಗೆಯಿಂದ ಈ ಪೆಟ್ಟಿಗೆಗೆ ಹೋಗಬೇಕು. ಅದನ್ನು ಮನೆಯಲ್ಲಿ ಮಾಡಿದರೆ ಹತ್ತು ನಿಮಿಷದ ಕೆಲಸ. ಕೌಂಟರಿನ ಮುಂದೆ ನೆಲದ ಮೇಲೆ ಪೆಟ್ಟಿಗೆ ಬಿಚ್ಚಿ, ಹಿಂದೆ ನಿಂತವರೆಲ್ಲ ನೋಡುತ್ತಿರುವಾಗ ಬಟ್ಟೆ ಎತ್ತಿಡುವುದು ಬೇರೆಯೇ ಅನುಭವ.

ಯಾವ ಪೆಟ್ಟಿಗೆಯೂ 32 ಕೆಜಿ ಮೀರುವಂತಿಲ್ಲ. ಹಣ ಕೊಡುತ್ತೇನೆಂದರೂ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ, ಎತ್ತಿ ಹಾಕುವ ಕೆಲಸಗಾರರ ಬೆನ್ನಿಗಾಗಿ ಇಟ್ಟ ಮಿತಿ ಅದು. ಅಳತೆಗೂ ಮಿತಿ ಇದೆ. ನಗದ ಲೆಕ್ಕದಲ್ಲಿ ಉದ್ದ, ಅಗಲ, ದಪ್ಪ ಕೂಡಿದರೆ 158 ಸೆಂ.ಮೀ. ದಾಟಬಾರದು ಎಂಬುದು ಬಹಳ ಕಡೆಯ ನಿಯಮ, ಅದರಲ್ಲಿ ಚಕ್ರ ಮತ್ತು ಹಿಡಿಕೆಯೂ ಸೇರಿತು. 75, 50, 30 ಇದ್ದರೆ 155, ನಡೆಯುತ್ತದೆ. 80, 52, 34 ಇದ್ದರೆ 166, ಖಾಲಿ ಇದ್ದರೂ ಅದು ದೊಡ್ಡ ಪೆಟ್ಟಿಗೆಯೇ. ಹೊಸ ಪೆಟ್ಟಿಗೆ ಕೊಳ್ಳುವವರು ಅಂಗಡಿಯಲ್ಲಿ ಟೇಪ್ ಹಿಡಿದು ಅಳೆಯಿರಿ, ಬರಿಯ ಪೆಟ್ಟಿಗೆಯ ತೂಕವನ್ನೂ ಕೇಳಿ. ಗಟ್ಟಿ ಕವಚದ ದೊಡ್ಡ ಪೆಟ್ಟಿಗೆಗಳು ಖಾಲಿ ಇರುವಾಗಲೇ ನಾಲ್ಕು ಐದು ಕೆಜಿ ತೂಗುತ್ತವೆ, ಅಷ್ಟು ನಿಮ್ಮ 23ರಿಂದಲೇ ಹೋಗುತ್ತದೆ.

ಕೈತಕ್ಕಡಿ ಇಲ್ಲದಿದ್ದರೆ ಪೆಟ್ಟಿಗೆ ಎತ್ತಿಕೊಂಡು ಮನೆಯ ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ಬರಿಗೈಯಲ್ಲಿ ನಿಂತು, ವ್ಯತ್ಯಾಸ ನೋಡಿ. ಮನೆಯ ಯಂತ್ರಕ್ಕೂ ಅಲ್ಲಿನದಕ್ಕೂ ಅರ್ಧ ಕೆಜಿ ಆಚೀಚೆ ಆಗುವುದು ಸಹಜ, ಹಾಗಾಗಿ 22ಕ್ಕೆ ನಿಲ್ಲಿಸಿ. ಹೆಚ್ಚಿನ ಲಗೇಜ್ ಖಂಡಿತ ಬೇಕು ಎಂದಿದ್ದರೆ ಮುಂಚೆಯೇ ಏರ್‌ಲೈನಿನ ಸೈಟಿನಲ್ಲಿ ಕೊಂಡುಬಿಡಿ. ಕೌಂಟರಿನ ದರ ಬಹುತೇಕ ಅದಕ್ಕಿಂತ ಜಾಸ್ತಿ. ಅಗ್ಗದ ಟಿಕೆಟುಗಳಲ್ಲಿ 0PC ಎಂದೂ ಇರುತ್ತದೆ, ಅಂದರೆ ಕೈಬ್ಯಾಗ್ ಬಿಟ್ಟು ಬೇರೇನೂ ಇಲ್ಲ. ಹೋಗುವಾಗ ಒಂದು ಮಿತಿ, ಬರುವಾಗ ಇನ್ನೊಂದು ಎಂಬುದೂ ಇದೆ, ಎರಡೂ ಸಾಲು ಓದಿ.

ಕೈಬ್ಯಾಗಿನ ತೂಕ ಎಷ್ಟೋ ಏರ್‌ಲೈನ್‌ಗಳಲ್ಲಿ 7 ಕೆಜಿ. ಕೆಲವರು ಅಳೆಯುವುದೇ ಇಲ್ಲ, ಕೆಲವರು ಗೇಟಿನ ಬಳಿಯೂ ತೂಗುತ್ತಾರೆ. ಪಾಸ್‌ಪೋರ್ಟ್, ಹಣ, ಔಷಧಿ ಮತ್ತು ಅದರ ಚೀಟಿ, ಒಂದು ಜೊತೆ ಬಟ್ಟೆ ಇದರಲ್ಲೇ ಇರಲಿ. ಪವರ್ ಬ್ಯಾಂಕ್ ಕಡ್ಡಾಯವಾಗಿ ಕೈಬ್ಯಾಗಿನಲ್ಲೇ. ಲಿಥಿಯಂ ಬ್ಯಾಟರಿ ಬಿಸಿಯಾಗಿ ಹೊತ್ತಿಕೊಂಡರೆ ಸಿಬ್ಬಂದಿಯ ಕಣ್ಣೆದುರು ಇರಬೇಕು, ವಿಮಾನದ ಹೊಟ್ಟೆಯಲ್ಲಿ ಇರಬಾರದು ಎಂಬುದೇ ಕಾರಣ. ಮಿತಿ ಇರುವುದು 100 ವ್ಯಾಟ್-ಅವರ್. 100ರಿಂದ 160ರ ತನಕ ಏರ್‌ಲೈನಿನ ಅನುಮತಿ ಬೇಕು, ಅದಕ್ಕಿಂತ ಮೇಲಿನದನ್ನು ಒಯ್ಯುವಂತಿಲ್ಲ. ಪವರ್ ಬ್ಯಾಂಕಿನ ಮೇಲೆ ಬರೀ mAh ಬರೆದಿದ್ದರೆ ಅದನ್ನು 3.7ರಿಂದ ಗುಣಿಸಿ 1000ದಿಂದ ಭಾಗಿಸಿ. 20,000 mAh ಎಂದರೆ 74, ತೊಂದರೆ ಇಲ್ಲ. ಅಂಕಿಗಳು ಅಳಿಸಿಹೋಗಿರುವ ಹಳೆಯದನ್ನು ತರಬೇಡಿ, ಓದಲು ಬಾರದ್ದನ್ನು ಸೆಕ್ಯುರಿಟಿಯವರು ತೆಗೆದಿಟ್ಟುಕೊಳ್ಳುವ ಸಾಧ್ಯತೆ ಇದೆ. ವಿಮಾನ ತುಂಬಿದೆ ಎಂದು ಗೇಟಿನಲ್ಲಿ ಕೈಬ್ಯಾಗನ್ನು ಕೆಳಗೆ ಹಾಕಲು ಕೇಳಿದರೆ, ಕೊಡುವ ಮುಂಚೆ ಪವರ್ ಬ್ಯಾಂಕ್ ಮತ್ತು ಪಾಸ್‌ಪೋರ್ಟ್ ಹೊರಗೆ ತೆಗೆಯಲು ಮರೆಯಬೇಡಿ.

ದ್ರವಗಳಿಗೆ 100 ಮಿ.ಲೀ. ಮಿತಿ, ಎಲ್ಲ ಬಾಟಲಿಗಳೂ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ. ನೋಡುವುದು ಬಾಟಲಿಯ ಗಾತ್ರ, ಒಳಗಿನ ದ್ರವ ಅಲ್ಲ. ತಳದಲ್ಲಿ ಸ್ವಲ್ಪವೇ ಉಳಿದಿರುವ 200 ಮಿ.ಲೀ. ಬಾಟಲಿಯೂ ಕಸದ ಬುಟ್ಟಿಗೇ. ಹೊಸ ಸ್ಕ್ಯಾನರ್ ಬಂದಿರುವ ಕೆಲವು ನಿಲ್ದಾಣಗಳು ಇದನ್ನು ಸಡಿಲಿಸಿವೆ, ಆದರೆ ನಡುವಿನ ನಿಲ್ದಾಣದಲ್ಲಿ ಮತ್ತೆ ತಪಾಸಣೆ ಇರುತ್ತದೆ, ಅಲ್ಲಿ ಹಳೆಯ ನಿಯಮವೇ ಇದ್ದೀತು.

ಹೊರಡುವ ಒಂದೆರಡು ದಿನ ಮೊದಲು ಆನ್‌ಲೈನ್ ಚೆಕ್-ಇನ್ ತೆರೆಯುತ್ತದೆ, ಏರ್‌ಲೈನಿಗೆ ತಕ್ಕಂತೆ 24 ಅಥವಾ 48 ಗಂಟೆ ಮುಂಚೆ. ವಿದೇಶಿ ಪ್ರಯಾಣದಲ್ಲಿ ಅದು ಮುಗಿದರೂ ಬೋರ್ಡಿಂಗ್ ಪಾಸ್ ಸಿಗದೆ, ದಾಖಲೆಗಳನ್ನು ಕೌಂಟರಿನಲ್ಲಿ ತೋರಿಸಿ ಎಂಬ ಸಂದೇಶ ಬರುವುದುಂಟು. ಇದಕ್ಕೂ ಕಳವಳ ಬೇಡ. ಸರಿಯಾದ ಕಾಗದವಿಲ್ಲದವರನ್ನು ಕರೆದೊಯ್ದರೆ ಏರ್‌ಲೈನೇ ದಂಡ ಕಟ್ಟಿ ವಾಪಸ್ ಕರೆತರಬೇಕಾಗುತ್ತದೆ, ಹಾಗಾಗಿ ಅವರು ಕಣ್ಣಾರೆ ನೋಡಿಯೇ ಬಿಡುತ್ತಾರೆ. ಅವರು ನೋಡುವುದು ವೀಸಾ, ಅಗತ್ಯವಿದ್ದಲ್ಲಿ ಹಿಂದಿರುಗುವ ಟಿಕೆಟ್, ಪಾಸ್‌ಪೋರ್ಟಿನ ಅವಧಿ. ಹಲವು ದೇಶಗಳು 6 ತಿಂಗಳ ಅವಧಿ ಉಳಿದಿರಬೇಕು ಎನ್ನುತ್ತವೆ. ಪಾಸ್‌ಪೋರ್ಟ್ ಮುಗಿಯುವ ದಿನಕ್ಕೆ ಮುಂಚೆ ವಾಪಸ್ ಬರುತ್ತೇನೆ ಎಂಬ ವಾದ ಅಲ್ಲಿ ನಡೆಯುವುದಿಲ್ಲ. ಈ ತಪಾಸಣೆ ಟಿಕೆಟ್ ಕೊಳ್ಳುವ ಮುಂಚೆ ನೀವೇ ಮಾಡಿಕೊಳ್ಳಬೇಕಾದದ್ದು. ವೀಸಾ ಹಳೆಯ ಪಾಸ್‌ಪೋರ್ಟಿನಲ್ಲಿದ್ದರೆ ಎರಡನ್ನೂ ಒಯ್ಯಿರಿ, ಟಿಕೆಟಿಗೆ ಹೊಸದರ ಸಂಖ್ಯೆ.

ಈಗ ಸಮಯ. ಮಾಲತಿಯವರ ಟಿಕೆಟಿನಲ್ಲಿ 15ನೇ ತಾರೀಖು 00:45 ಎಂದಿದೆ. ಅವರು ಮನೆ ಬಿಡಬೇಕಾದದ್ದು 14ರ ಸಂಜೆ. 15ರ ರಾತ್ರಿ ಸೂಟ್‌ಕೇಸ್ ಎಳೆದುಕೊಂಡು ಹೋದರೆ ವಿಮಾನ ಹಾರಿ ಹತ್ತಿರ ಒಂದು ದಿನವೇ ಆಗಿರುತ್ತದೆ. ಮಧ್ಯರಾತ್ರಿಯ ಟಿಕೆಟುಗಳಲ್ಲಿ ಹೀಗೆ ಮೋಸ ಹೋದವರು ಕಡಿಮೆಯೇನಿಲ್ಲ. ವೀಸಾ ಶುರುವಾಗುವ ದಿನ, ಹೋಟೆಲಿನ ದಿನ, ಕರೆದುಕೊಂಡು ಹೋಗಲು ಬರುವವರಿಗೆ ಹೇಳುವ ದಿನ, ಎಲ್ಲವನ್ನೂ ತಲುಪುವ ತಾರೀಖಿನಿಂದಲೇ ಲೆಕ್ಕ ಹಾಕಿ. ಟಿಕೆಟಿನ ಸಮಯಗಳೆಲ್ಲ ಆಯಾ ಊರಿನ ಗಡಿಯಾರದವು, ಪಕ್ಕದಲ್ಲಿ +1 ಇದ್ದರೆ ಮರುದಿನ.

ಲೆಕ್ಕವನ್ನು 00:45ರಿಂದ ಹಿಂದಕ್ಕೆ ಹಾಕೋಣ. ಅದು ವಿಮಾನ ಕದಲುವ ಹೊತ್ತು. ಗೇಟ್ ಸಾಮಾನ್ಯವಾಗಿ 15-20 ನಿಮಿಷ ಮುಂಚೆ ಮುಚ್ಚುತ್ತದೆ, ಅಂದರೆ 00:25. ಚೆಕ್-ಇನ್ ಕೌಂಟರ್ ಬಹಳ ಏರ್‌ಲೈನ್‌ಗಳಲ್ಲಿ 60 ನಿಮಿಷ ಮುಂಚೆ, ಅಂದರೆ 23:45ಕ್ಕೆ ಮುಚ್ಚುತ್ತದೆ. ಕೆಲವರದು 75 ಅಥವಾ 90 ನಿಮಿಷ. ನಿಜವಾದ ಗಡುವು ಇದೇ. ಗಡಿಯಾರ 23:46 ತೋರಿಸಿದರೆ ವಿಮಾನ ಎದುರಿಗೇ ನಿಂತಿದ್ದರೂ ಪೆಟ್ಟಿಗೆ ತೆಗೆದುಕೊಳ್ಳಲಾರರು, ಆ ಹೊತ್ತಿಗೆ ಪ್ರಯಾಣಿಕರ ಪಟ್ಟಿ ಮತ್ತು ತೂಕದ ಲೆಕ್ಕ ಮುಚ್ಚುತ್ತಿರುತ್ತದೆ. ಕೌಂಟರ್ ತೆರೆಯುವುದು ಸುಮಾರು ಮೂರು ಗಂಟೆ ಮುಂಚೆ, 21:45ಕ್ಕೆ. ಮೊದಲ ಸಲ ಹೋಗುವವರು 21:30ರ ಸುಮಾರಿಗೆ ಟರ್ಮಿನಲ್ ಬಾಗಿಲಲ್ಲಿ ಇದ್ದರೆ ಚೆನ್ನ. ಇದರರ್ಥ ಆ ಹೊತ್ತಿಗೆ ಮನೆ ಬಿಡುವುದು ಎಂದಲ್ಲ, ದಾರಿಯ ಸಮಯ ಬೇರೆ. ಆರು ಗಂಟೆ ಮುಂಚೆ ಹೋಗುವುದರಿಂದ ಹೆಚ್ಚಿನ ಲಾಭ ಇಲ್ಲ. ಕೌಂಟರ್ ತೆರೆಯದೆ ಪೆಟ್ಟಿಗೆ ಕಾಯುತ್ತಾ ಕೂರಬೇಕು, ಅಷ್ಟೇ.

ಆ ಮೂರು ಗಂಟೆ ಎಲ್ಲಿ ಹೋಗುತ್ತದೆ? ಕೌಂಟರಿನ ಸಾಲು ಮುಕ್ಕಾಲು ಗಂಟೆ, ಇಮಿಗ್ರೇಷನ್ ಅರ್ಧ ಗಂಟೆ, ಸೆಕ್ಯುರಿಟಿ ಇನ್ನೊಂದು ಅರ್ಧ, ಗೇಟಿಗೆ ನಡೆಯುವುದು ಕಾಲು ಗಂಟೆ. 21:45ಕ್ಕೆ ಸಾಲಿನಲ್ಲಿ ನಿಂತ ಮಾಲತಿಯವರು ಇದೇ ಲೆಕ್ಕದಲ್ಲಿ 23:45ಕ್ಕೆ ಗೇಟಿನ ಬಳಿ ಇರುತ್ತಾರೆ. ಕೈಯಲ್ಲಿ ಉಳಿದಿರುವುದು 40 ನಿಮಿಷ. ಒಂದೇ ಹೊತ್ತಿಗೆ ನಾಲ್ಕು ದೊಡ್ಡ ವಿಮಾನಗಳು ಹೊರಡುವ ರಾತ್ರಿ ಈ 40 ನಿಮಿಷವೇ ಕಾಪಾಡುವುದು.

ಕೌಂಟರಿನಲ್ಲಿ ಅವಸರ ಮಾಡದೆ ಮೂರು ಸಂಗತಿ ನೋಡಿ. ಪೆಟ್ಟಿಗೆಗೆ ಕಟ್ಟುವ ಪಟ್ಟಿಯಲ್ಲಿ ದೊಡ್ಡದಾಗಿ ಅಚ್ಚಾದ ಮೂರಕ್ಷರದ ಸಂಕೇತ ನಿಮ್ಮ ಕೊನೆಯ ಊರಿನದೇ, ನಡುವಿನ ನಿಲ್ದಾಣದ್ದೇ? "ಪೆಟ್ಟಿಗೆ ಎಲ್ಲಿ ಸಿಗುತ್ತದೆ?" ಎಂದು ಬಾಯಿಬಿಟ್ಟು ಕೇಳಿ. ಎರಡೂ ವಿಮಾನದ ಬೋರ್ಡಿಂಗ್ ಪಾಸ್ ಕೊಟ್ಟರೇ, ಇಲ್ಲದಿದ್ದರೆ ಎರಡನೆಯದನ್ನು ಎಲ್ಲಿ ಪಡೆಯಬೇಕು? ಪೆಟ್ಟಿಗೆಯ ಚಿಕ್ಕ ಚೀಟಿಯನ್ನು ಬೋರ್ಡಿಂಗ್ ಪಾಸಿನ ಹಿಂದೆ ಅಂಟಿಸಿದರೇ? ಅಮೆರಿಕಕ್ಕೆ ಹೋಗುವವರಿಗೆ ಒಂದು ಮಾತು: ಪಟ್ಟಿಯಲ್ಲಿ ಕೊನೆಯ ಊರಿನ ಸಂಕೇತವೇ ಇದ್ದರೂ ಆ ದೇಶದಲ್ಲಿ ಮೊದಲು ಇಳಿದ ಕಡೆ ಸಾಮಾನ್ಯವಾಗಿ ಪೆಟ್ಟಿಗೆ ಎತ್ತಿಕೊಂಡು ಕಸ್ಟಮ್ಸ್ ದಾಟಿ ಮತ್ತೆ ಒಪ್ಪಿಸಬೇಕು.

ನಡುವಿನ ನಿಲ್ದಾಣದಲ್ಲಿ Transfers ಎಂಬ ಫಲಕ ಹಿಡಿದು ನಡೆಯಿರಿ, Arrivals ಕಡೆ ಹೋದರೆ ಇಮಿಗ್ರೇಷನ್ ಸಾಲಿಗೆ ಸೇರುತ್ತೀರಿ. ಬೋರ್ಡಿಂಗ್ ಪಾಸಿನಲ್ಲಿ ಅಚ್ಚಾದ ಗೇಟನ್ನು ನಂಬಬೇಡಿ, ಪರದೆಯಲ್ಲಿ ಇನ್ನೊಮ್ಮೆ ನೋಡಿ.

ಊರು ತಲುಪಿ ಬೆಲ್ಟ್ ನಿಂತರೂ ಪೆಟ್ಟಿಗೆ ಬರದಿದ್ದರೆ ಆ ಹಾಲ್ ಬಿಟ್ಟು ಹೊರಗೆ ಹೋಗಬೇಡಿ. ಅಲ್ಲೇ ಇರುವ ಲಗೇಜ್ ಕೌಂಟರಿನಲ್ಲಿ ಆ ಚಿಕ್ಕ ಚೀಟಿ ತೋರಿಸಿ ದೂರು ಬರೆಸಿ ಅದರ ಸಂಖ್ಯೆ ಪಡೆಯಿರಿ, ಚೀಟಿ ಕೊಟ್ಟುಬಿಡದೆ ಫೋಟೊ ತೆಗೆದುಕೊಳ್ಳಿ. ವಿದೇಶಿ ವಿಮಾನಯಾನದಲ್ಲಿ ಏರ್‌ಲೈನ್‌ಗಳ ಹೊಣೆ ಎಷ್ಟೆಂದು ಹೇಳುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಪೆಟ್ಟಿಗೆ ಮುರಿದಿದ್ದರೆ ಕೈಗೆ ಬಂದ 7 ದಿನದೊಳಗೆ, ತಡವಾಗಿ ಬಂದಿದ್ದರೆ ಕೈಗೆ ಬಂದ 21 ದಿನದೊಳಗೆ ಲಿಖಿತವಾಗಿ ಕೇಳಬೇಕು. ತಡವಾದ ದಿನಗಳಲ್ಲಿ ಕೊಂಡ ಬಟ್ಟೆ, ಸೋಪುಗಳ ರಸೀದಿ ಅದಕ್ಕೆ ಲಗತ್ತಿಸಬೇಕಾಗುತ್ತದೆ.